ಕಂಬಿ ಹಿಡಿಯದ ಕಂಡಕ್ಟರ್

ಮೂವತ್ತನಾಲ್ಕು ವರ್ಷ ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಕಂಬಿ ಹಿಡಿದವನಲ್ಲ. ಹಿಡಿಯಲು ಕೈ ಬಿಡುವಾಗಿರಬೇಕಲ್ಲ? ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದು ಕೈ ಚೀಲದೊಳಗೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಇಡೀ ಬಸ್ಸು ಮುಂದಕ್ಕೆ ಮುಗ್ಗರಿಸುತ್ತಿತ್ತು, ನಾನೊಬ್ಬ ಮಾತ್ರ ನಿಂತಲ್ಲೇ ನಿಂತು, "ಕಂಬಿ ಹಿಡ್ಕೊಳಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆಲ್ಲ?" ಎಂದು ಗದರುತ್ತಿದ್ದೆ. ಆ ಗದರಿಕೆಯಲ್ಲಿ ಸ್ವಲ್ಪ ಜಂಬವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅಂಥವನು ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ವಿಜಯನಗರದ ನಮ್ಮ ಸ್ವಂತ ಮನೆಯಲ್ಲಿ, ಅಲ್ಲಾಡದೆ ನಿಂತಿರುವ ನೆಲದ ಮೇಲೆ, ಪ್ಯಾಂಟು ಹಾಕಿಕೊಳ್ಳುವಾಗ ಬಿದ್ದೆ.

ಒಂಟಿಕಾಲಲ್ಲಿ ನಿಂತು ಪ್ಯಾಂಟು ಏರಿಸುವುದು ಡಿಪೋದಿಂದ ಬಂದ ಅಭ್ಯಾಸ. "ಮಂಚದ ಮೇಲೆ ಕೂತ್ಕೊಂಡು ಹಾಕ್ಕೊಳ್ರೀ" ಎಂದು ನನ್ನ ಹೆಂಡತಿ ಹತ್ತು ವರ್ಷದಿಂದ ಹೇಳುತ್ತಲೇ ಇದ್ದಳು. ಕೂತು ಪ್ಯಾಂಟು ಹಾಕಿಕೊಳ್ಳುವುದು ಮುದುಕರ ಕೆಲಸ ಎಂದು ನಾನು ತಿಳಿದಿದ್ದೆ. ನವೆಂಬರಿನ ಒಂದು ಬೆಳಿಗ್ಗೆ ಎಡಗಾಲಿನ ಬೆರಳು ಪ್ಯಾಂಟಿನೊಳಗೆ ಸಿಕ್ಕಿಕೊಂಡಿತು. ಬಿದ್ದೆ. ಮೊದಲು ನನಗೆ ಬಂದದ್ದು ನೋವಲ್ಲ, ನಾಚಿಕೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವನಂತೆ "ಏನಿಲ್ಲ, ಏನಿಲ್ಲ" ಎಂದು ಏಳಲು ಹೋದರೆ ಎಡಗಾಲು ನನ್ನದೇ ಅಲ್ಲವೇನೋ ಎಂಬಂತೆ ಹೊರಕ್ಕೆ ತಿರುಗಿ ಬಿದ್ದಿತ್ತು. ಬಾಗಿಲಲ್ಲಿ ನಿಂತ ನನ್ನಾಕೆ ಬೈಯಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ತೊಡೆ ಮೂಳೆಯ ಕತ್ತು ಮುರಿದಿದೆ ಎಂದರು ಆಸ್ಪತ್ರೆಯಲ್ಲಿ. ಮರುದಿನವೇ ಆಪರೇಷನ್ ಮಾಡಿ, ಮೂಳೆಯ ತುದಿಯ ಗುಂಡು ತೆಗೆದು ಲೋಹದ ಗುಂಡು ಕೂರಿಸಿದರು. ಇನ್ನು ಒಂದು ತಿಂಗಳು ಹಾಸಿಗೆಯಲ್ಲಿ ಮಲಗಿ ಸೇವೆ ಮಾಡಿಸಿಕೊಳ್ಳಬಹುದು ಎಂದು ನಾನು ಲೆಕ್ಕ ಹಾಕಿದ್ದರೆ, ಮಾರನೆಯ ಬೆಳಿಗ್ಗೆಯೇ ಒಬ್ಬ ಫಿಸಿಯೋಥೆರಪಿ ಹುಡುಗಿ ಅಲ್ಯೂಮಿನಿಯಂ ವಾಕರ್ ಹಿಡಿದು ಬಂದು, "ಏಳಿ ಸಾರ್, ನಿಲ್ಲೋಣ" ಎಂದಳು.

"ನಿನ್ನೆ ತಾನೇ ಕೊಯ್ದಿದ್ದಾರಲ್ಲಮ್ಮ!"

"ಅದಕ್ಕೇ ಸಾರ್. ಮಲಗಿದಷ್ಟೂ ಕಷ್ಟ. ಕಾಲ್ ಮೇಲೆ ಭಾರ ಹಾಕ್ಬೋದು, ಡಾಕ್ಟ್ರು ಹೇಳಿದ್ದಾರೆ."

ನಿಂತೆ. ಎರಡೇ ನಿಮಿಷ. ಬೆವರು ಕಣ್ಣಿಗಿಳಿಯಿತು, ಆದರೆ ನಿಂತೆ. ಕೆಂಗೇರಿಯಲ್ಲಿರುವ ನನ್ನ ಮಗಳು ಮಂಚದ ಪಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳಿಗೆ ಧೈರ್ಯ ಹೇಳಬೇಕೆಂದೋ, ಹಳೆಯ ಜಂಬ ಇನ್ನೂ ಇಳಿದಿರಲಿಲ್ಲವೆಂದೋ, "ಅಳ್ಬೇಡ ಕಣೇ. ಯುಗಾದಿ ಒಬ್ಬಟ್ಟಿಗೆ ನಿಮ್ಮನೆಗೆ ಬಸ್ಸಲ್ಲೇ ಬರ್ತೀನಿ ನೋಡ್ತಿರು" ಎಂದುಬಿಟ್ಟೆ. ವಾರ್ಡಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಆಡಿದ ಮಾತು, ಹರಿದ ಟಿಕೆಟ್ಟು ಎರಡನ್ನೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಮನೆಗೆ ಬಂದ ಮೇಲೆ ವಾರಕ್ಕೆ ಮೂರು ದಿನ ಅದೇ ಹುಡುಗಿ ಲಗ್ಗೆರೆಯಿಂದ ಸ್ಕೂಟರಿನಲ್ಲಿ ಬರತೊಡಗಿದಳು. ಮೊದಲ ದಿನ ಅವಳು ನನ್ನ ಕಾಲು ನೋಡಲೇ ಇಲ್ಲ, ಮನೆ ನೋಡಿದಳು. ಕಾಲೊರಸು ತೆಗೆಸಿದಳು, ದೇವರ ಮನೆ ಮುಂದಿನ ಚಾಪೆ ಸುತ್ತಿಸಿದಳು, ಟಿವಿ ವೈರು ಗೋಡೆಗೆ ಸರಿಸಿದಳು. ನನ್ನ ಹವಾಯಿ ಚಪ್ಪಲಿಯನ್ನು ಎರಡು ಬೆರಳಲ್ಲಿ ಎತ್ತಿ ಹೊರಗಿಟ್ಟು, ಹಿಂದೆ ಪಟ್ಟಿ ಇರುವ ಚಪ್ಪಲಿ ತರಿಸಿದಳು. ಕೂರಲು ನನಗೆ ಎತ್ತರದ, ಕೈ ಇರುವ ಕುರ್ಚಿ. ಚಕ್ಕಂಬಕ್ಕಳ ಇಲ್ಲ, ಕಾಲ ಮೇಲೆ ಕಾಲಿಲ್ಲ, ಬಿದ್ದದ್ದನ್ನು ಬಗ್ಗಿ ಎತ್ತುವಂತಿಲ್ಲ. ಪ್ಯಾಂಟು ಕೂತೇ ಹಾಕಬೇಕು, ಆಪರೇಷನ್ ಆದ ಕಾಲು ಮೊದಲು. ಇದನ್ನು ಹೇಳುವಾಗ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಗೇ ಬಂದು ನಿಂತು ಕೇಳಿಸಿಕೊಂಡಳು.

ನಡೆಯುವ ಕ್ರಮ ಸುಲಭ: ಮೊದಲು ವಾಕರ್, ಆಮೇಲೆ ಎಡಗಾಲು, ಆಮೇಲೆ ಬಲಗಾಲು. ನನ್ನಾಕೆ ಇದಕ್ಕೆ ತನ್ನದೇ ಒಂದು ಪದ್ಧತಿ ಮಾಡಿಕೊಂಡಳು. ಹೊರಡುವಾಗ "ರೈಟ್", ನಿಲ್ಲಬೇಕಾದರೆ "ಹೋಲ್ಡಾನ್". ಮೂವತ್ತನಾಲ್ಕು ವರ್ಷ ನಾನು ಊರಿಗೆಲ್ಲ ಹೇಳಿದ್ದನ್ನು ಅವಳು ಹಾಲ್‌ನಿಂದ ಅಡುಗೆಮನೆವರೆಗೆ ನನಗೇ ಹೇಳಿ ತೀರಿಸಿಕೊಂಡಳು.

ತೊಂದರೆ ಬಂದದ್ದು ಬಚ್ಚಲಮನೆಯ ಬಾಗಿಲಲ್ಲಿ. ಹಳೆಯ ಕಾಲದ ಸಣ್ಣ ಸೈಟಿನ ಮನೆ, ಬಚ್ಚಲಿನ ಬಾಗಿಲೂ ಸಣ್ಣದು. ಆನೆ ಹೋಗಿ ಬಾಲ ಸಿಕ್ಕಿಕೊಂಡಿತು ಎನ್ನುತ್ತಾರಲ್ಲ, ಇಲ್ಲಿ ಆನೆಯೇ ಹೊರಗೆ ಉಳಿಯಿತು. ವಾಕರ್ ಚೌಕಟ್ಟಿಗಿಂತ ನಾಲ್ಕು ಬೆರಳು ಅಗಲ. ನಾನು ವಾಕರನ್ನು ಹೊರಗೆ ನಿಲ್ಲಿಸಿ, ಚೌಕಟ್ಟು, ನಲ್ಲಿ, ಬಕೆಟ್ಟಿನ ಹಿಡಿ ಎಂದು ಸಿಕ್ಕಿದ್ದನ್ನು ಹಿಡಿದು ಒಳಗೆ ಹೋಗತೊಡಗಿದೆ. ಇದು ಗೊತ್ತಾದ ದಿನ ಹುಡುಗಿ ನಗುವುದನ್ನು ನಿಲ್ಲಿಸಿದಳು.

"ನಲ್ಲಿ ಕಿತ್ಕೊಂಡ್ ಬರತ್ತೆ ಸಾರ್, ಬಕೆಟ್ ಜಾರತ್ತೆ. ಜನ ಎರಡ್ನೇ ಸಲ ಬೀಳೋದೇ ಇಲ್ಲಿ. ಗೋಡೆಗೆ ಹಿಡಿಕೆ ಹಾಕಿಸಿ. ಅಲ್ಲೀವರೆಗೂ ವಾಕರ್ ಜೊತೇಲೇ ಅಡ್ಡಡ್ಡ ಹೋಗಿ."

ಅಡ್ಡಡ್ಡ ಎಂದರೆ, ಬಾಗಿಲಿಗೆ ಪಕ್ಕ ತಿರುಗಿ ನಿಂತು, ವಾಕರನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, ಒಂದು ಕಾಲು ಸರಿಸಿ, ಇನ್ನೊಂದನ್ನು ಎಳೆದುಕೊಳ್ಳುವುದು. ಅವಳು ತೋರಿಸಿ ಮುಗಿಸುವಷ್ಟರಲ್ಲಿ ನಾನು ಒಳಗಿದ್ದೆ! ನನಗೆ ಅಡ್ಡಡ್ಡ ನಡೆಯುವುದನ್ನು ಹೇಳಿಕೊಡಬೇಕೆ? ಸಂಜೆ ಆರು ಗಂಟೆಯ ಮೆಜೆಸ್ಟಿಕ್ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನವರೆಗೆ ನೇರ ನಡೆದ ಕಂಡಕ್ಟರನನ್ನು ಯಾರಾದರೂ ನೋಡಿದ್ದಾರೆಯೆ? "ಸೂಪರ್ ಸಾರ್! ಇದ್ರಿಂದ ಸೊಂಟದ ಪಕ್ಕದ ಮಾಂಸಖಂಡಾನೂ ಗಟ್ಟಿಯಾಗತ್ತೆ" ಎಂದಳು. ಆಪರೇಷನ್ ಆದ ಮೇಲೆ ನನಗೆ ಮೊದಲ ಸಲ ಹಸಿವಾದದ್ದು ಅಂದೇ.

ಅಲ್ಲೇ ನಾನು ಎಡವಿದ್ದು. ಬಚ್ಚಲಿಗೆಂದು ಕಲಿತದ್ದು ಹಾಲಿಗೂ ಬಂತು, ವರಾಂಡಕ್ಕೂ ಬಂತು. ಬೆನ್ನು ಗೋಡೆಗೆ ಒರಗಿದ್ದರೆ, ಸೊಂಟಕ್ಕೆ ಏನೋ ತಾಗುತ್ತಿದ್ದರೆ ನನಗೆ ಎಷ್ಟೋ ಸಮಾಧಾನ. ಎರಡೇ ವಾರದಲ್ಲಿ ನಾನು ಮನೆಯಿಡೀ ಗೋಡೆ ಸವರಿಕೊಂಡು ಏಡಿಯಂತೆ ಓಡಾಡುವವನಾದೆ. ನಟ್ಟನಡು ಹಾಲಿನಲ್ಲಿ, ನಾಲ್ಕೂ ಕಡೆ ಬಯಲಿರುವಲ್ಲಿ, ನನ್ನಿಂದ ನಿಲ್ಲಲೇ ಆಗುತ್ತಿರಲಿಲ್ಲ. ಹುಡುಗಿ ಒಂದು ದಿನ ಬಾಗಿಲಲ್ಲೇ ನಿಂತು ನೋಡಿ ಹೇಳಿದಳು: "ಸಾರ್, ಮನೇಲಿ ಏನೂ ರಶ್ ಇಲ್ವಲ್ಲ. ನೇರ ಬನ್ನಿ."

"ನೇರ ಬಂದ್ರೆ ನೋಯತ್ತಮ್ಮ" ಎಂದೆ.

ಅದು ಸುಳ್ಳು. ಆರು ವಾರಕ್ಕೆ ಎಕ್ಸ್‌ರೇ ತೆಗೆದ ಡಾಕ್ಟರು, ಎಲ್ಲ ಚೆನ್ನಾಗಿ ಕೂತಿದೆ, ಮೆಲ್ಲಗೆ ವಾಕರ್ ಬಿಟ್ಟು ಕೋಲಿಗೆ ಬನ್ನಿ ಎಂದರು. ಮೂಳೆಗೆ ಮಾತ್ರೆ ಕೊಟ್ಟರು, ಬಿಪಿ ಮಾತ್ರೆಯಿಂದ ತಲೆ ಸುತ್ತುತ್ತದೆಯೇ ಎಂದು ಕೂರಿಸಿ, ನಿಲ್ಲಿಸಿ ನೋಡಿದರು, ಕಣ್ಣಿನ ಪರೀಕ್ಷೆಗೂ ಕಳಿಸಿದರು. ನನ್ನಲ್ಲಿ ಎಲ್ಲವೂ ಸರಿಯಿತ್ತು. ಆದರೂ ಕೋಲು ಕೈಗೆ ಕೊಟ್ಟರೆ ನನಗೆ ಒಂದು ದಿನ ಮಂಡಿ ನೋವು, ಮರುದಿನ ಬೆನ್ನು, ಅದರ ಮರುದಿನ ಹಿಮ್ಮಡಿ. ಇತ್ತ ಸಂಕ್ರಾಂತಿ ಬಂದೇಬಿಟ್ಟಿತು, ಯುಗಾದಿಗೆ ಎರಡೇ ತಿಂಗಳು ಚಿಲ್ಲರೆ. ಮಗಳು ಫೋನಿನಲ್ಲಿ "ಪರ್ವಾಗಿಲ್ಲಪ್ಪ, ಕ್ಯಾಬ್ ಮಾಡ್ತೀನಿ ಬಿಡಿ" ಎಂದಳು. ಅವಳಿಗೂ ಗೊತ್ತಾಗಿಹೋಗಿದೆ ಎನ್ನಿಸಿತು.

"ಕುಣಿಲಾರ್ದೋಳು ನೆಲ ಡೊಂಕು ಅಂದ್ಳಂತೆ" ಎಂದಳು ನನ್ನಾಕೆ ಆ ಮಧ್ಯಾಹ್ನ ನನ್ನ ತಟ್ಟೆಗೆ ಸಾರು ಬಡಿಸುತ್ತ. "ನಿಮಗೆ ನೋವೂ ಇಲ್ಲ, ಏನೂ ಇಲ್ಲ. ಹೆದ್ರಿಕೆ."

"ಯಾರಿಗೇ ಹೆದ್ರಿಕೆ? ನಂಗಾ?" ಎಂದು ನಾನು ಕೂಗಾಡಿದೆ. ಊಟ ಬಿಟ್ಟು ದುಮುದುಮು ಎದ್ದು ಹೋಗುವುದು ನನ್ನ ಹಳೆಯ ಪದ್ಧತಿ. ಆದರೆ ದುಮುದುಮು ಎದ್ದು ಹೋಗಲು ವಾಕರ್ ಬೇಕಿತ್ತು, ಅದು ಕೈಗೆಟುಕದಷ್ಟು ದೂರದಲ್ಲಿತ್ತು. ಅವಳು ಅದನ್ನು ತಂದು ಮುಂದೆ ನಿಲ್ಲಿಸಿ, "ರೈಟ್" ಎಂದಳು. ಅಷ್ಟು ಕೋಪದಲ್ಲೂ ನನಗೆ ನಗು ಬಂತು. ನಕ್ಕವನಿಗೆ ಯಾಕೋ ಅಳುವೂ ಬಂತು.

ಮರುದಿನ ಹುಡುಗಿಗೆ ನಿಜ ಹೇಳಿದೆ. ಕಾಲೆತ್ತಿದರೆ ಸಾಕು, ಆ ಬೆಳಗಿನ ನೆಲ ಮತ್ತೆ ಮುಖದ ಹತ್ತಿರಕ್ಕೆ ಬಂದ ಹಾಗಾಗುತ್ತದೆ. ನಿದ್ದೆಗೆ ಜಾರುವಾಗಲೂ ಬೀಳುತ್ತೇನೆ. ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲವೇನೋ ಎಂದು ಭಯ. ಹೇಳಲು ನನಗೆ ನಾಚಿಕೆಯಾಗಿತ್ತು, ಅಷ್ಟೆ.

ಅವಳು ನಗಲಿಲ್ಲ. "ಎಲ್ರಿಗೂ ಆಗತ್ತೆ ಸಾರ್, ಹೇಳಲ್ಲ ಅಷ್ಟೇ. ಆದ್ರೆ ಹೆದ್ರಿಕೊಂಡ್ರೆ ಏನಾಗತ್ತೆ ಗೊತ್ತಾ? ಮಂಡಿ ಬಿಗಿ ಆಗತ್ತೆ, ಕಣ್ಣು ಪಾದದ ಮೇಲೇ ಇರತ್ತೆ, ನಡೆಯೋದು ಕಮ್ಮಿ ಆಗಿ ಕಾಲು ಸೋಲತ್ತೆ. ಬೀಳೋದು ಆಗ್ಲೇ." ಆಮೇಲೆ ಕೇಳಿದಳು: "ಬಸ್ಸಲ್ಲಿ ಹೇಗ್ ನಿಲ್ತಿದ್ರಿ ಸಾರ್? ಸ್ವಲ್ಪ ತೋರ್ಸಿ."

ಅಡುಗೆಮನೆಯ ಕಟ್ಟೆಗೆ ಎದುರಾಗಿ ನನ್ನನ್ನು ನಿಲ್ಲಿಸಿದಳು. ಬೆನ್ನ ಹಿಂದೆಯೇ ಎತ್ತರದ ಕುರ್ಚಿ, ಪಕ್ಕದಲ್ಲಿ ಅವಳು. ನಾನು ಕಾಲುಗಳನ್ನು ಸ್ವಲ್ಪ ಅಗಲಿಸಿದೆ. ಮಂಡಿ ತಾನಾಗಿಯೇ ಸಡಿಲವಾಯಿತು. ತಲೆ ಎತ್ತಿದೆ. ಕಂಡಕ್ಟರ್ ಕಾಲು ನೋಡಿಕೊಳ್ಳುವುದಿಲ್ಲ, ಹತ್ತಿದವರ ಮುಖ ನೋಡುತ್ತಾನೆ. ಅಷ್ಟು ವರ್ಷ ನಾನು ನನ್ನ ಪಾದಗಳನ್ನು ನೋಡಿಯೇ ಇರಲಿಲ್ಲವಲ್ಲ ಎಂದು ಆಗ ಹೊಳೆಯಿತು. "ಅದೇ ಸಾರ್! ಹಾಗೇ ಇರಿ. ಈಗ ಕೈ ಬಿಡಿ" ಎಂದಳು. ಕೈ ಬಿಡಲಿಲ್ಲ. ಕಟ್ಟೆಯ ಅಂಚನ್ನು ಹಿಡಿದ ಬೆರಳು ನಾನು ಹೇಳಿದರೂ ಕೇಳಲಿಲ್ಲ.

ಅವಳು ಒತ್ತಾಯ ಮಾಡಲಿಲ್ಲ. ಹೊರಗೆ ಹೋಗುತ್ತ ನನ್ನ ಹೆಂಡತಿಯ ಜೊತೆ ಗೇಟಿನ ಬಳಿ ಏನೋ ಪಿಸುಪಿಸು ಮಾತಾಡಿದಳು. ಇಬ್ಬರು ಹೆಂಗಸರು ಗೇಟಿನ ಬಳಿ ಪಿಸುಗುಟ್ಟಿದರೆ ಗಂಡಸಿಗೆ ಒಳ್ಳೆಯದಾಗುವುದುಂಟೆ ಎಂದುಕೊಂಡೆ.

ಮುಂದಿನ ಸಲ ಅವಳು ಬಂದಾಗ ಕಟ್ಟೆಯ ಮೇಲೆ ಎರಡು ಕೆಜಿ ಅವರೆಕಾಯಿ ಸುರಿದಿತ್ತು. ಸೊಗಡಿನ ಕಾಯಿ, ವಾಸನೆಗೇ ಬಾಯಲ್ಲಿ ನೀರು. "ಇವತ್ತು ಅವರೆಕಾಳು ಸಾರು. ಒಬ್ಳೇ ಬಿಡಿಸಿದ್ರೆ ನಾಳೆಗೇ ಊಟ. ನಿಂತ್ಕೊಂಡೇ ಬಿಡಿಸ್ಕೊಡಿ" ಎಂದಳು ನನ್ನಾಕೆ. ನಿಲ್ಲುವುದು ಹೇಗಿದ್ದರೂ ವ್ಯಾಯಾಮದಲ್ಲಿ ಇದ್ದದ್ದೇ. ಕುರ್ಚಿ ಹಿಂದಿತ್ತು, ಹುಡುಗಿ ಪಕ್ಕದಲ್ಲಿ ಕೈಚಾಚಿದರೆ ಸಿಗುವಂತೆ ನಿಂತು ಅವಳೂ ಬಿಡಿಸತೊಡಗಿದಳು. ಎಡಗೈಯಲ್ಲಿ ಕಟ್ಟೆ ಹಿಡಿದು ಬಲಗೈಯೊಂದರಲ್ಲೇ ಬಿಡಿಸಲು ನೋಡಿದೆ. ಅವರೆಕಾಯಿ ಒಂದು ಕೈಗೆ ಬಗ್ಗುವ ಪೈಕಿಯಲ್ಲ.

ಮಾತು ಎಲ್ಲಿಗೋ ಹೋಯಿತು. ಹಿಂದೆ ಹೇರೋಹಳ್ಳಿಯ ಕಡೆ ಕೊನೆ ಟ್ರಿಪ್ ಹೋದರೆ ಹೊಲದವರು ಬಸ್ಸಿಗೇ ಅವರೆಕಾಯಿ ಮೂಟೆ ಏರಿಸುತ್ತಿದ್ದದ್ದು, ಲಗೇಜಿಗೆ ಜಗಳ ಮಾಡಿ ಕೊನೆಗೆ ನನ್ನ ಚೀಲಕ್ಕೇ ಎರಡು ಹಿಡಿ ಕಾಯಿ ಹಾಕಿ ಬಾಯಿ ಮುಚ್ಚಿಸುತ್ತಿದ್ದದ್ದು, ಈಗ ಅಲ್ಲಿ ಹೊಲವಿರಲಿ, ಬದು ಎಲ್ಲಿತ್ತೆಂದೂ ತಿಳಿಯದ ಹಾಗೆ ಮನೆಗಳಾಗಿರುವುದು. ಹುಡುಗಿ ನಡುನಡುವೆ "ಆಮೇಲೆ ಸಾರ್?" ಎನ್ನುತ್ತಿದ್ದಳು. ಒಂದು ಕಾಯಲ್ಲಿ ಹುಳ ಸಿಕ್ಕಿ ನನ್ನಾಕೆ "ಅಯ್ಯೋ" ಎಂದು ಎಸೆದಳು, ನಾನು ಅವಳ ಕಡೆ ತಿರುಗಿ ನಕ್ಕೆ, ಮತ್ತೆ ಬಿಡಿಸಿದೆ. ಕಾಳು ಪಾತ್ರೆಯ ಅರ್ಧಕ್ಕೆ ಬಂದಾಗ ಇಬ್ಬರೂ ಸುಮ್ಮನಾಗಿದ್ದಾರೆ ಎಂದು ಗೊತ್ತಾಯಿತು.

"ಏನು?" ಎಂದೆ.

"ಏನಿಲ್ಲ" ಎಂದಳು ನನ್ನಾಕೆ. ಅವಳ ಕಣ್ಣು ತುಂಬಿತ್ತು. "ಎರಡು ಕೈಯೂ ಅವರೆಕಾಯಲ್ಲೇ ಇದೆ ಅಂತ."

ನೋಡಿಕೊಂಡೆ. ಹೌದು. ಎಡಗೈಯಲ್ಲಿ ಸಿಪ್ಪೆ, ಬಲಗೈಯಲ್ಲಿ ಕಾಳು. ಕಟ್ಟೆ ಹಿಡಿದವರು ಯಾರೂ ಇಲ್ಲ. ಕೈ ಕಟ್ಟೆಗೆ ಹೋಗಲು ನೋಡಿತು. "ಹೋಲ್ಡಾನ್" ಎಂದಳು ನನ್ನಾಕೆ. ನಿಂತೆ. ಇನ್ನೊಂದು ಕಾಯಿ ತೆಗೆದುಕೊಂಡೆ. ಬಿಡಿಸಿದೆ. ಇನ್ನೂ ನಿಂತಿದ್ದೆ! ಎಪ್ಪತ್ತನಾಲ್ಕು ವರ್ಷದ ಮನುಷ್ಯ ಅಡುಗೆಮನೆಯಲ್ಲಿ ಸುಮ್ಮನೆ ನಿಂತದ್ದಕ್ಕೆ ಮೂರು ಜನ ಅಷ್ಟು ಸಂತೋಷಪಟ್ಟದ್ದನ್ನು ನಾನು ಎಲ್ಲೂ ಕಂಡಿಲ್ಲ. ಹುಡುಗಿ ಅಂದು ನಮ್ಮಲ್ಲೇ ಊಟ ಮಾಡಿದಳು. ಎರಡು ಸಲ ಸಾರು ಬಡಿಸಿಕೊಂಡಳು.

ಅಲ್ಲಿಂದ ಮುಂದೆ ದಿನಾ ನನಗೆ ಕಟ್ಟೆಯ ಡ್ಯೂಟಿ. ಹಿಮ್ಮಡಿ ಎತ್ತುವುದು, ಕಾಲನ್ನು ಪಕ್ಕಕ್ಕೆ ಎತ್ತುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಒಂದು ಪಾದದ ಮುಂದೆ ಇನ್ನೊಂದಿಟ್ಟು ನಿಲ್ಲುವುದು. ಆಮೇಲೆ ಕೋಲು, ಅದೂ ಬಲಗೈಗೆ. ನೋವಿದ್ದ ಕಾಲಿನ ಎದುರು ಕೈಯಲ್ಲೇ ಹಿಡಿಯಬೇಕಂತೆ, ಎಡಕ್ಕೆ ಹಿಡಿದರೆ ಅಲಂಕಾರಕ್ಕೆ ಅಷ್ಟೆ. ಮೆಟ್ಟಿಲಿಗೆ ಒಂದು ನಿಯಮ: ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಹೊಸ್ತಿಲು ದಾಟುವಾಗ ತುಳಿಯಬಾರದೆಂದು ನನ್ನಾಕೆ ಎಚ್ಚರಿಸಿದರೆ, ಹುಡುಗಿಯೂ "ಹೌದು, ತುಳೀಬೇಡಿ, ಪೂರ್ತಿ ಕಾಲೆತ್ತಿ ದಾಟಿ" ಎಂದಳು. ಶಾಸ್ತ್ರವೂ ಫಿಸಿಯೋಥೆರಪಿಯೂ ಒಂದಾದದ್ದು ನಮ್ಮ ಮನೆಯಲ್ಲಿ ಅದೊಂದೇ ವಿಷಯಕ್ಕೆ.

ಹೆದರಿಕೆ ಹೋಗಲಿಲ್ಲ. ಹೋಯಿತೆಂದರೆ ಸುಳ್ಳಾಗುತ್ತದೆ. ಫೆಬ್ರವರಿಯ ಕೊನೆಯಲ್ಲಿ ನಮ್ಮ ಕ್ರಾಸಿನ ಫುಟ್‌ಪಾತಿನ ಕಲ್ಲೊಂದು ಕಾಲ ಕೆಳಗೆ ಗಡಗಡ ಅಲ್ಲಾಡಿತು. ಮೈ ವಾಲಿತು. ಕೋಲು ಒಂದು ಕಡೆ, ನಾನು ಒಂದು ಕಡೆ. ಆದರೆ ನನ್ನ ಎಡಗಾಲು, ಅದೇ ಲೋಹದ ಗುಂಡಿನ ಕಾಲು, ನನ್ನನ್ನು ಕೇಳದೆ ಒಂದು ಹೆಜ್ಜೆ ಪಕ್ಕಕ್ಕಿಟ್ಟು ನನ್ನನ್ನು ಹಿಡಿದುಕೊಂಡಿತು. ಬೀಳಲಿಲ್ಲ. ಪಕ್ಕದಲ್ಲಿದ್ದ ನನ್ನಾಕೆ ಬಾಯಿಬಿಟ್ಟು ನಿಂತಿದ್ದಳು. ನಾನು ಮನೆಗೆ ಬಂದು ಆ ಕಾಲನ್ನು ಸವರಿ ಸವರಿ ಥ್ಯಾಂಕ್ಸ್ ಹೇಳಿದೆ. ಅಂದಿನಿಂದ ಅದು ಮತ್ತೆ ನನ್ನ ಕಾಲಾಯಿತು.

ಯುಗಾದಿ ಬಂತು. ಹುಡುಗಿ ಷರತ್ತು ಹಾಕಿ ಒಪ್ಪಿದ್ದಳು: ರಶ್ ಇಲ್ಲದ ಹೊತ್ತು, ಜೊತೆಗೊಬ್ಬರು, ಬಸ್ಸು ಪೂರ್ತಿ ನಿಂತ ಮೇಲೆಯೇ ಏಳುವುದು. ಬೇವು ಬೆಲ್ಲ ತಿಂದು, ಕೂತುಕೊಂಡು ಹೊಸ ಪ್ಯಾಂಟು ಹಾಕಿಕೊಂಡು, ಹನ್ನೊಂದು ಗಂಟೆಗೆ ಸ್ಟಾಪಿನಲ್ಲಿ ನಿಂತೆವು. ಕೆಂಗೇರಿ ಬಸ್ಸು ಬಂತು. ಬಾಗಿಲ ಕಂಬಿ ಎಡಗೈಗೆ, ಕೋಲು ಬಲಗೈಗೆ, ಬಲಗಾಲು ಮೇಲೆ, ಎಡಗಾಲು ಹಿಂದೆ. ಹತ್ತಿದೆ. ಕಂಡಕ್ಟರ್ ಒಬ್ಬ ಹೆಣ್ಣುಮಗಳು, ಮುಡಿಯಲ್ಲಿ ಹಬ್ಬದ ಮಲ್ಲಿಗೆ.

"ತಾತ, ಕಂಬಿ ಹಿಡ್ಕೊಳಿ. ನೀವು ಕೂತ್ಮೇಲೇ ರೈಟ್ ಹೇಳ್ತೀನಿ, ಅರ್ಜೆಂಟಿಲ್ಲ."

ಬಸ್ಸಿನೊಳಗೆ ನಿಂತು ನಾನು ಕಂಬಿ ಹಿಡಿದದ್ದು ಅದೇ ಮೊದಲ ಸಲ. ತಣ್ಣಗಿತ್ತು, ಗಟ್ಟಿಯಿತ್ತು. ಎಷ್ಟು ಹಾಯೆನಿಸಿತೆಂದರೆ, ಇಷ್ಟು ವರ್ಷ ಇದನ್ನು ಬೇರೆಯವರಿಗೇ ಬಿಟ್ಟುಕೊಟ್ಟೆನಲ್ಲ ಎಂದುಕೊಂಡೆ.

ಸೀಟಿನಲ್ಲಿ ಕೂತ ಮೇಲೆ ಮಾತ್ರ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತು. ನನ್ನ ಬಸ್ಸಿನಲ್ಲೂ ಅಜ್ಜಿಯರು ಇರುತ್ತಿದ್ದರು. ಬಸ್ಸು ನಿಂತ ಮೇಲೆ ನಿಧಾನ ಏಳುವವರಿಗೆ "ಮೊದ್ಲೇ ಎದ್ದು ಬಾಗ್ಲಿಗೆ ಬರೋಕೇನು? ಬೇಗ ಇಳೀರಿ" ಎಂದು ರೇಗುತ್ತಿದ್ದೆ. ಅವರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿರುವಾಗಲೇ ಎಷ್ಟು ಸಲ ಸೀಟಿ ಊದಿದ್ದೇನೋ. ಅವರು ಯಾಕೆ ಹಾಗೆ ಕೂತಿರುತ್ತಿದ್ದರೆಂದು ಈಗ ನನ್ನ ಸೊಂಟಕ್ಕೆ ಗೊತ್ತು. ಪಕ್ಕದಲ್ಲಿದ್ದ ನನ್ನಾಕೆಗೆ ಹೇಳಿದೆ. "ಈಗಲಾದ್ರೂ ತಿಳೀತಲ್ಲ" ಎಂದು ನನ್ನ ಕೈ ತಟ್ಟಿದಳು.

ಕೆಂಗೇರಿ ಬಂತು. ಬಸ್ಸು ಪೂರ್ತಿ ನಿಲ್ಲುವವರೆಗೆ ಕೂತೇ ಇದ್ದೆ. ಆಮೇಲೆ ಎದ್ದೆ. ಹಿಂದಿದ್ದ ಯಾರೋ ತಡವಾಯಿತೆಂದು ಗೊಣಗಿದರು, ಆ ಹೆಣ್ಣುಮಗಳು "ಇಳೀಲಿ ಸಾರ್, ಹಬ್ಬದ ದಿನ ಏನ್ ಅವಸ್ರ?" ಎಂದು ಬಾಯಿ ಮುಚ್ಚಿಸಿದಳು. ಹೆಂಡತಿ ಮೊದಲಿಳಿದು ಕೆಳಗೆ ನಿಂತಳು. ಕಂಬಿ, ಕೋಲು, ಎಡಗಾಲು ಕೆಳಗೆ, ಬಲಗಾಲು ಪಕ್ಕಕ್ಕೆ. ಎರಡೂ ಪಾದ ನೆಲದ ಮೇಲೆ. ಸ್ಟಾಪಿನಾಚೆ ನನ್ನ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಬಸ್ಸು ಹೊರಡಲಿಲ್ಲ. ತಿರುಗಿ ನೋಡಿದರೆ ಕಂಡಕ್ಟರ್ ಬಾಗಿಲಲ್ಲಿ ಬಗ್ಗಿ, ಸೀಟಿ ಬಾಯಿಯ ಹತ್ತಿರ ಹಿಡಿದು, ನನ್ನ ಕಾಲನ್ನೇ ನೋಡುತ್ತಿದ್ದಳು. ಸರಿಯಾಗಿ ನಿಂತಿದ್ದೀನೋ ಇಲ್ಲವೋ ಎಂದು ಕಾಯುತ್ತಿದ್ದಳು. ನಾನು ಕಂಬಿಯಿಂದ ಕೈ ತೆಗೆದೆ, ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತೆ, ಬಸ್ಸಿನ ಮೈಯನ್ನು ಎಡಗೈಯಿಂದ ಟಪಟಪ ತಟ್ಟುವಂತೆ ಗಾಳಿಯಲ್ಲಿ ತಟ್ಟಿ, ಹದಿನಾಲ್ಕು ವರ್ಷದಿಂದ ಗಂಟಲಲ್ಲಿ ಉಳಿದಿದ್ದ ಪೂರ್ತಿ ದನಿಯಲ್ಲಿ ಕೂಗಿದೆ:

"ರೈಟ್!"

ಅವಳು ನಕ್ಕು ಸೀಟಿ ಊದಿದಳು. ಬಸ್ಸು ಹೋಯಿತು, ನಾನು ನಿಂತೇ ಇದ್ದೆ.